ಭಾಷಾ ಮಾದರಿಯೊಳಗೆ ಉಗ್ರಾಣವಿಲ್ಲ

ಚಾಟ್‌ಜಿಪಿಟಿ 2022ರ ನವೆಂಬರ್ 30ರಂದು ಜನರ ಕೈಗೆ ಬಂತು. ಅಂದಿನಿಂದ ಅದರ ಬಗ್ಗೆ ಮತ್ತು ಅದರ ಹಿಂದೆಯೇ ಬಂದ ಅಂಥದೇ ಸಾಧನಗಳ ಬಗ್ಗೆ ನಮ್ಮಲ್ಲಿ ಒಂದು ತಿಳಿವಳಿಕೆ ಬೇರೂರಿದೆ. ಜಗತ್ತಿನ ಪುಸ್ತಕ, ಪತ್ರಿಕೆ, ಜಾಲತಾಣಗಳನ್ನೆಲ್ಲ ಅದರೊಳಗೆ ತುಂಬಿಟ್ಟಿದ್ದಾರೆ. ಪ್ರಶ್ನೆ ಕೇಳಿದಾಗ ಅದು ತನ್ನ ಉಗ್ರಾಣದಲ್ಲಿ ಹುಡುಕಿ, ಸಿಕ್ಕಿದ್ದನ್ನು ನಯವಾದ ಮಾತಿನಲ್ಲಿ ಎತ್ತಿ ಕೊಡುತ್ತದೆ ಎಂಬುದೇ ಆ ತಿಳಿವಳಿಕೆ. ಹೀಗೆ ಭಾವಿಸುವವರನ್ನು ಅರಿಯದವರೆಂದು ತಳ್ಳಿಹಾಕುವುದು ಸರಿಯಲ್ಲ. ಇಂಟರ್‌ನೆಟ್‌ನಲ್ಲಿ ಹುಡುಕುವುದು ನಮಗೆಲ್ಲ ಎಷ್ಟೋ ವರ್ಷಗಳ ರೂಢಿ. ಪೆಟ್ಟಿಗೆಯೊಂದರಲ್ಲಿ ಪ್ರಶ್ನೆ ಬರೆದರೆ ಎಲ್ಲೋ ಇರುವ ಪುಟ ಕಣ್ಣೆದುರು ಬರುತ್ತದೆ. ಹೊಸ ಸಾಧನಕ್ಕೂ ಅಂಥದೇ ಪೆಟ್ಟಿಗೆಯಿದೆ. ಅದು ಕೊಡುವ ಉತ್ತರದಲ್ಲೂ ಹೆಸರು, ಇಸವಿ, ಊರು ಎಲ್ಲ ಇರುತ್ತವೆ, ಮತ್ತು ಬಹಳಷ್ಟು ಸಲ ಅವು ಸರಿಯಾಗಿಯೇ ಇರುತ್ತವೆ. ಒಳಗೆ ಇಟ್ಟಿರದಿದ್ದರೆ ಹೊರಗೆ ಬರುವುದು ಹೇಗೆ ಎಂದು ಕೇಳುವುದು ಸಹಜ. ಪ್ರಶ್ನೆ ನ್ಯಾಯವಾದದ್ದು, ಆದ್ದರಿಂದ ಅದಕ್ಕೆ ಪೂರ್ತಿ ಉತ್ತರ ಕೊಡಬೇಕು.

ಈ ತಿಳಿವಳಿಕೆಯನ್ನು ಒಪ್ಪಿದರೆ ಅದರ ಜೊತೆಗೆ ಮೂರು ನಿರೀಕ್ಷೆಗಳನ್ನೂ ಒಪ್ಪಬೇಕಾಗುತ್ತದೆ. ಬಹುಪಾಲು ಜನ ಇವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಇವುಗಳ ಆಧಾರದ ಮೇಲೆಯೇ ನಡೆದುಕೊಳ್ಳುತ್ತಾರೆ.

1. ಉತ್ತರವು ನಾವು ಕೇಳುವ ಮೊದಲೇ ಒಳಗೆ ಎಲ್ಲೋ ಒಂದು ಕಡೆ ಇದೆ.

2. ಉಗ್ರಾಣದಲ್ಲಿ ಇಲ್ಲದ್ದನ್ನು ಕೇಳಿದರೆ ಅದು ‘ಇಲ್ಲ’ ಎಂದು ಹೇಳುತ್ತದೆ.

3. ಉತ್ತರ ತಪ್ಪಾಗಿದ್ದರೆ ಒಳಗಿರುವ ದಾಖಲೆಯೇ ತಪ್ಪು. ತಿಳಿಸಿಕೊಟ್ಟರೆ ಅದು ತಿದ್ದಿಕೊಳ್ಳುತ್ತದೆ.

ಈ ಮೂರೂ ನಿಲ್ಲುವುದಿಲ್ಲ. ಏಕೆ ನಿಲ್ಲುವುದಿಲ್ಲ ಎಂಬುದನ್ನು ತಿಳಿಯಲು ಆ ಯಂತ್ರ ಮಾಡುವ ಒಂದೇ ಒಂದು ಕೆಲಸವನ್ನು ಹತ್ತಿರದಿಂದ ನೋಡಬೇಕು.

ಬೃಹತ್ ಭಾಷಾ ಮಾದರಿ, ಅಂದರೆ ಲಾರ್ಜ್ ಲ್ಯಾಂಗ್ವೇಜ್ ಮಾಡೆಲ್ ಎಂದು ಕರೆಯುವ ಈ ವಸ್ತು ಒಂದು ದೊಡ್ಡ ಲೆಕ್ಕ. ಅದಕ್ಕೆ ಒಂದಿಷ್ಟು ಬರಹ ಕೊಟ್ಟರೆ, ಆ ಬರಹದ ಮುಂದೆ ಯಾವ ತುಣುಕು ಬರುವ ಸಂಭವ ಎಷ್ಟು ಎಂಬ ಪಟ್ಟಿಯನ್ನು ಕೊಡುತ್ತದೆ. ಈ ತುಣುಕಿಗೆ ಟೋಕನ್ ಎಂದು ಹೆಸರು. ಅದು ಇಡೀ ಪದವಾಗಿರಬಹುದು, ಪದದ ಚೂರಾಗಿರಬಹುದು. ‘ಕುವೆಂಪು ಅವರಿಗೆ ಜ್ಞಾನಪೀಠ ಪ್ರಶಸ್ತಿ ಬಂದ ವರ್ಷ’ ಎಂಬಷ್ಟನ್ನು ಕೊಟ್ಟೆವು ಎನ್ನಿ. ಮಾದರಿ ಅದನ್ನು ಟೋಕನ್‌ಗಳಾಗಿ ಒಡೆಯುತ್ತದೆ. ಪ್ರತಿ ಟೋಕನ್ನನ್ನು ಅಂಕಿಗಳ ಒಂದು ಸಾಲಾಗಿ ಬದಲಿಸುತ್ತದೆ. ತನ್ನೊಳಗಿರುವ ಕೋಟ್ಯಂತರ ಅಂಕಿಗಳೊಡನೆ ಅವನ್ನು ಹಂತ ಹಂತವಾಗಿ ಗುಣಿಸಿ, ಕೂಡಿ, ಕೊನೆಗೆ ಪಟ್ಟಿ ಹೊರಹಾಕುತ್ತದೆ. ಒಳಗಿರುವ ಆ ಅಂಕಿಗಳೇ ಪ್ಯಾರಾಮೀಟರ್‌ಗಳು. ಪಟ್ಟಿಯಲ್ಲಿ 1967 ಎಂಬುದಕ್ಕೆ ದೊಡ್ಡ ಪಾಲು ಬರುತ್ತದೆ. 1955ಕ್ಕೂ ಒಂದಿಷ್ಟು ಪಾಲು ಸಿಗಬಹುದು. ಏಕೆಂದರೆ ‘ಶ್ರೀ ರಾಮಾಯಣ ದರ್ಶನಂ’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1955ರಲ್ಲಿ, ಮತ್ತು ಅದೇ ಕೃತಿಯ ಹೆಸರು, ಅದೇ ಕವಿಯ ಹೆಸರು, ‘ಪ್ರಶಸ್ತಿ’ ಎಂಬ ಪದ ಇವೆಲ್ಲ ಆ ಇಸವಿಯ ಆಸುಪಾಸಿನಲ್ಲೂ ಕಾಣಸಿಗುತ್ತವೆ. ಪಟ್ಟಿಯಿಂದ ಒಂದು ಟೋಕನ್ನನ್ನು ಆರಿಸಿ ಬರಹಕ್ಕೆ ಸೇರಿಸಲಾಗುತ್ತದೆ. ಹೀಗೆ ಉದ್ದವಾದ ಬರಹವನ್ನು ಮತ್ತೆ ಒಳಗೆ ಕೊಟ್ಟು ಮುಂದಿನ ಪಟ್ಟಿಯನ್ನು ಪಡೆಯಲಾಗುತ್ತದೆ. ಪರದೆಯ ಮೇಲೆ ಉತ್ತರ ಚೂರು ಚೂರಾಗಿ ಮೂಡುವುದಕ್ಕೆ ಮುಖ್ಯ ಕಾರಣ ಇದೇ: ಬರೆಯುವಾಗ ಅದರ ಬಳಿ ಇಡೀ ಉತ್ತರ ಸಿದ್ಧವಾಗಿ ಇರುವುದಿಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಆಯ್ಕೆ ಯಾವಾಗಲೂ ಪಟ್ಟಿಯ ಮೊದಲನೆಯದೇ ಆಗಿರಬೇಕೆಂದಿಲ್ಲ. ಬರಹ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಆಗಬಾರದೆಂದು ಆಯ್ಕೆಯಲ್ಲಿ ಸ್ವಲ್ಪ ಯಾದೃಚ್ಛಿಕತೆಯನ್ನು ಸೇರಿಸಿರುತ್ತಾರೆ. ಅದೇ ಪ್ರಶ್ನೆಗೆ ಎರಡು ಸಲ ಎರಡು ಬಗೆಯ ಉತ್ತರ ಬರುವುದು ಇದರಿಂದ.

ಹಾಗಾದರೆ 1967ಕ್ಕೆ ದೊಡ್ಡ ಪಾಲು ಸಿಗಬೇಕೆಂದು ಅದಕ್ಕೆ ಹೇಳಿಕೊಟ್ಟವರಾರು? ಯಾರೂ ಇಲ್ಲ. ಪ್ಯಾರಾಮೀಟರ್‌ಗಳು ಮೊದಲಿಗೆ ಅರ್ಥವಿಲ್ಲದ ಅಂಕಿಗಳು. ತರಬೇತಿಯೆಂದರೆ ಜನ ಬರೆದ ಬರಹದ ಒಂದು ಭಾಗವನ್ನು ತೋರಿಸಿ ಮುಂದಿನ ಟೋಕನ್ನನ್ನು ಊಹಿಸಲು ಬಿಡುವುದು. ನಿಜವಾಗಿ ಅಲ್ಲಿದ್ದ ಟೋಕನ್‌ಗೆ ಮಾದರಿ ಕೊಟ್ಟ ಪಾಲು ಎಷ್ಟು ಕಡಿಮೆಯಾಯಿತೆಂದು ಅಳೆದು, ಮುಂದಿನ ಸಲ ಆ ಪಾಲು ತುಸು ಹೆಚ್ಚುವಂತೆ ಎಲ್ಲ ಪ್ಯಾರಾಮೀಟರ್‌ಗಳನ್ನೂ ಕೂದಲೆಳೆಯಷ್ಟು ತಿದ್ದುತ್ತಾರೆ. ಲಕ್ಷ ಕೋಟಿಗಟ್ಟಲೆ ಟೋಕನ್‌ಗಳ ಮೇಲೆ ಇದನ್ನೇ ಮಾಡುತ್ತ ಹೋಗುತ್ತಾರೆ. ಮುಂದಿನ ಅಕ್ಷರವನ್ನು ಊಹಿಸುವ ಯೋಚನೆ ಹೊಸದೇನಲ್ಲ; ಕ್ಲಾಡ್ ಶ್ಯಾನನ್ 1951ರಲ್ಲೇ ಇಂಗ್ಲಿಷ್ ಬರಹದ ಮೇಲೆ ಇಂಥ ಪ್ರಯೋಗ ಮಾಡಿ ಪ್ರಕಟಿಸಿದ್ದರು. ದೂರದಲ್ಲಿರುವ ಪದಗಳ ನಡುವಿನ ನಂಟನ್ನೂ ಲೆಕ್ಕಕ್ಕೆ ತರಬಲ್ಲ ಟ್ರಾನ್ಸ್‌ಫಾರ್ಮರ್ ಎಂಬ ರಚನೆ 2017ರಲ್ಲಿ ಗೂಗಲ್‌ನ ಸಂಶೋಧಕರಿಂದ ಬಂತು. ಇಂದಿನ ಮಾದರಿಗಳೆಲ್ಲ ಬಹುಮಟ್ಟಿಗೆ ಅದರ ಮೇಲೆಯೇ ನಿಂತಿವೆ. ಇಷ್ಟಾದ ಮೇಲೆ ಎರಡನೆಯ ಹಂತದ ತರಬೇತಿಯೊಂದಿದೆ. ಒಳ್ಳೆಯ ಉತ್ತರ ಹೇಗಿರಬೇಕೆಂಬ ನಮೂನೆಗಳನ್ನು ಜನ ಬರೆದುಕೊಡುತ್ತಾರೆ. ಎರಡು ಉತ್ತರಗಳಲ್ಲಿ ಯಾವುದು ಮೇಲೆಂದು ಹೇಳುತ್ತಾರೆ. ಅದಕ್ಕೆ ತಕ್ಕಂತೆ ಪ್ಯಾರಾಮೀಟರ್‌ಗಳನ್ನು ಮತ್ತೆ ತಿದ್ದಲಾಗುತ್ತದೆ. ಕೇಳಿದ್ದಕ್ಕೆ ಮರ್ಯಾದೆಯಿಂದ, ಅಚ್ಚುಕಟ್ಟಾಗಿ ಉತ್ತರಿಸುವ ಆ ದನಿ ಬಂದದ್ದು ಹೆಚ್ಚಾಗಿ ಇಲ್ಲಿಂದ. ದನಿಯಲ್ಲಿರುವ ಖಚಿತತೆಗೂ ಒಳಗಿನ ಪಟ್ಟಿಯಲ್ಲಿರುವ ಖಚಿತತೆಗೂ ನೇರ ಸಂಬಂಧವಿರಲೇಬೇಕೆಂದಿಲ್ಲ ಎಂಬುದನ್ನು ಓದುಗರು ಈಗಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಈಗ ಮೊದಲ ನಿರೀಕ್ಷೆಗೆ ಬರೋಣ. ಓದಿದ್ದೆಲ್ಲ ಒಳಗೆ ಹಾಗೆಯೇ ಇರಲು ಜಾಗವಾದರೂ ಇದೆಯೇ? ಮೆಟಾ ಕಂಪನಿ 2023ರಲ್ಲಿ ಬಿಡುಗಡೆ ಮಾಡಿದ ಲ್ಲಾಮಾ 2 ಮಾದರಿಯ ಸಣ್ಣ ಆವೃತ್ತಿಯನ್ನು ತೆಗೆದುಕೊಳ್ಳಬಹುದು. ಅದರಲ್ಲಿ ಸುಮಾರು 700 ಕೋಟಿ ಪ್ಯಾರಾಮೀಟರ್‌ಗಳಿವೆ. ಒಂದೊಂದಕ್ಕೆ ಎರಡು ಬೈಟ್‌ನಂತೆ ಇಟ್ಟರೆ 1,400 ಕೋಟಿ ಬೈಟ್, ಅಂದರೆ 14 ಜಿಬಿ. ನಮ್ಮ ಮೊಬೈಲ್ ಫೋನಿನಲ್ಲೇ ಅಷ್ಟು ಜಾಗವಿರುತ್ತದೆ. ತರಬೇತಿಗೆ ಬಳಸಿದ್ದು 2 ಲಕ್ಷ ಕೋಟಿ ಟೋಕನ್. ಟೋಕನ್ನಿಗೆ ಸುಮಾರು ನಾಲ್ಕು ಬೈಟ್ ಹಿಡಿದರೂ 8 ಲಕ್ಷ ಕೋಟಿ ಬೈಟ್ ಆಯಿತು. ಓದಿದ್ದಕ್ಕಿಂತ ಮಾದರಿ ಐನೂರು ಪಟ್ಟಿಗೂ ಹೆಚ್ಚು ಚಿಕ್ಕದು. ಒಂದಕ್ಷರವೂ ಕಳೆಯದಂತೆ ಬರಹವನ್ನು ಇಷ್ಟು ಒತ್ತಿ ಇಡುವ ವಿಧಾನ ಯಾವುದೂ ಇಲ್ಲ. ಹಾಗಾಗಿ ಉಳಿದಿರುವುದು ಬರಹವಲ್ಲ, ಬರಹದಲ್ಲಿ ಮರುಕಳಿಸುವ ನಂಟುಗಳ ಗುರುತು. ಸಾವಿರಾರು ಸಲ ಬಂದದ್ದರ ಗುರುತು ಆಳವಾಗಿದೆ. ಕೆಲವು ಪ್ರಸಿದ್ಧ ವಾಕ್ಯಗಳು ಅಕ್ಷರಶಃ ಹೊರಬರುವುದೂ ಉಂಟು. ಒಮ್ಮೆ ಮಾತ್ರ ಬಂದದ್ದರ ಗುರುತು ಬಹುತೇಕ ಅಳಿಸಿಹೋಗಿರುತ್ತದೆ.

ಜಾಗದ ಲೆಕ್ಕಕ್ಕಿಂತ ಬಲವಾದ ಸಾಕ್ಷ್ಯವೊಂದಿದೆ. ನಟ ಟಾಮ್ ಕ್ರೂಸ್ ಅವರ ತಾಯಿ ಯಾರು ಎಂದು ಕೇಳಿದರೆ ಜಿಪಿಟಿ-4 ಮಾದರಿ ಮೇರಿ ಲೀ ಫೈಫರ್ ಎಂದು ಸರಿಯಾಗಿ ಹೇಳುತ್ತಿತ್ತು. ಮೇರಿ ಲೀ ಫೈಫರ್ ಅವರ ಮಗ ಯಾರು ಎಂದು ಬೇರೆಯಾಗಿ ಕೇಳಿದರೆ ಹೇಳಲಾಗುತ್ತಿರಲಿಲ್ಲ. 2023ರಲ್ಲಿ ಸಂಶೋಧಕರು ಪ್ರಸಿದ್ಧರ ಮತ್ತು ಅವರ ತಂದೆತಾಯಿಗಳ ಬಗ್ಗೆ ಇಂಥ ಪ್ರಶ್ನೆಗಳನ್ನು ಎರಡೂ ದಿಕ್ಕಿನಲ್ಲಿ ಕೇಳಿ ನೋಡಿದರು. ಮಕ್ಕಳಿಂದ ತಂದೆತಾಯಿಯ ಕಡೆಗೆ ಕೇಳಿದಾಗ 79 ಪ್ರತಿಶತ ಉತ್ತರಗಳು ಸರಿ. ತಿರುಗಿಸಿ ಕೇಳಿದಾಗ 33 ಪ್ರತಿಶತ. ಒಳಗೆ ದಾಖಲೆಯೊಂದು ಇದ್ದಿದ್ದರೆ ಹೀಗಾಗಲು ಸಾಧ್ಯವೇ ಇರಲಿಲ್ಲ. ಮನೆಯ ಪಡಿತರ ಚೀಟಿಯಲ್ಲಿ ತಾಯಿ, ಮಗ ಇಬ್ಬರ ಹೆಸರೂ ಇದ್ದರೆ ಯಾವ ಕಡೆಯಿಂದ ಓದಿದರೂ ಸಂಬಂಧ ಒಂದೇ. ಜನ ಬರೆಯುವಾಗ ನಟನಿಂದ ತಾಯಿಗೆ ಹೋಗುತ್ತಾರೆ, ತಾಯಿಯಿಂದ ನಟನಿಗೆ ಬರುವುದು ಅಪರೂಪ. ಮಾದರಿ ಕಲಿತದ್ದು ಬರಹ ಮುಂದುವರಿಯುವ ಆ ದಿಕ್ಕನ್ನು. ಆದ್ದರಿಂದ ‘ಅದಕ್ಕೆ ಈ ವಿಷಯ ಗೊತ್ತೇ?’ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದೇ ಉತ್ತರವಿಲ್ಲ. ಯಾವ ಬರಹದ ಮುಂದೆ ಯಾವ ಬರಹ ಬರುತ್ತದೆ ಎಂಬುದನ್ನಷ್ಟೇ ನಾವು ಕೇಳಬಹುದು.

ಎರಡನೆಯ ನಿರೀಕ್ಷೆ, ಅಂದರೆ ಇಲ್ಲದ್ದನ್ನು ಇಲ್ಲ ಎನ್ನುತ್ತದೆ ಎಂಬುದು, ಜನರಿಗೆ ಹೆಚ್ಚು ನಷ್ಟ ಮಾಡಿದೆ. ಕುವೆಂಪು ಅವರ ಜಾಗದಲ್ಲಿ ತಾಲ್ಲೂಕು ಮಟ್ಟದ ಕವಿಯೊಬ್ಬರನ್ನು ಇಟ್ಟುಕೊಳ್ಳೋಣ. ಅವರ ಹೆಸರು ತರಬೇತಿಯ ಬರಹದಲ್ಲಿ ಒಂದೋ ಎರಡೋ ಸಲ ಬಂದಿರಬಹುದು. ‘ಅವರ ಮೊದಲ ಕವನ ಸಂಕಲನ ಪ್ರಕಟವಾದ ವರ್ಷ’ ಎಂದು ಕೊಟ್ಟರೂ ಲೆಕ್ಕ ನಡೆಯುತ್ತದೆ, ಪಟ್ಟಿ ಬರುತ್ತದೆ. ಈ ಸಲ ಯಾವ ಇಸವಿಗೂ ದೊಡ್ಡ ಪಾಲಿಲ್ಲ. 1974ಕ್ಕೆ ಸ್ವಲ್ಪ, 1978ಕ್ಕೆ ಸ್ವಲ್ಪ, 1981ಕ್ಕೆ ಸ್ವಲ್ಪ ಎಂದು ಹರಡಿಹೋಗಿರುತ್ತದೆ. ಆದರೂ ಅಲ್ಲಿ ಇಸವಿಯೇ ಬರಬೇಕೆಂಬುದು ಮಾತ್ರ ಬಹಳ ಖಚಿತ, ಏಕೆಂದರೆ ವಾಕ್ಯದ ಅಚ್ಚು ಅದನ್ನೇ ಬೇಡುತ್ತದೆ. ಒಂದನ್ನು ಆರಿಸಲಾಗುತ್ತದೆ. ಆರಿಸಿದ ಮೇಲೆ ‘1978’ ಎಂಬುದು ಪರದೆಯ ಮೇಲೆ ‘1967’ರಷ್ಟೇ ಗಟ್ಟಿಯಾಗಿ ಕೂತಿರುತ್ತದೆ. ಪಟ್ಟಿಯಲ್ಲಿದ್ದ ಅಳುಕು ಬರಹದಲ್ಲಿ ಉಳಿಯುವುದಿಲ್ಲ. ಸರಿಯುತ್ತರ ಹುಟ್ಟುವಾಗ ಯಂತ್ರ ಮಾಡಿದ್ದಕ್ಕೂ ತಪ್ಪುತ್ತರ ಹುಟ್ಟುವಾಗ ಮಾಡಿದ್ದಕ್ಕೂ ವ್ಯತ್ಯಾಸವಿಲ್ಲ. ಇದನ್ನು ಯಂತ್ರ ಕೆಟ್ಟಿತು ಎನ್ನಲಾಗದು, ಸುಳ್ಳು ಹೇಳಿತು ಎಂದೂ ಅನ್ನಲಾಗದು. ಸುಳ್ಳಿಗೆ ನಿಜ ಬೇರೆಯಿದೆ ಎಂಬ ಅರಿವು ಬೇಕು.

ನ್ಯೂಯಾರ್ಕಿನ ಒಂದು ಮೊಕದ್ದಮೆಯಲ್ಲಿ ಇದು ಎಲ್ಲರ ಕಣ್ಣಿಗೂ ಬಿತ್ತು. 2019ರಲ್ಲಿ ಎಲ್ ಸಾಲ್ವಡಾರ್‌ನಿಂದ ನ್ಯೂಯಾರ್ಕಿಗೆ ಬರುವ ವಿಮಾನದಲ್ಲಿ ಊಟ ತರುವ ಲೋಹದ ಗಾಡಿ ಮೊಣಕಾಲಿಗೆ ಬಡಿಯಿತೆಂದು ಪ್ರಯಾಣಿಕರೊಬ್ಬರು ಏವಿಯಾಂಕಾ ವಿಮಾನಯಾನ ಸಂಸ್ಥೆಯ ಮೇಲೆ ದಾವೆ ಹೂಡಿದ್ದರು. ದಾವೆಗೆ ಕಾಲಮಿತಿ ಮೀರಿದೆ ಎಂದು ಸಂಸ್ಥೆ ವಾದಿಸಿತು. ಅದಕ್ಕೆ ಉತ್ತರವಾಗಿ ಪ್ರಯಾಣಿಕರ ಪರ ವಕೀಲರು 2023ರ ಮಾರ್ಚ್‌ನಲ್ಲಿ ಹಿಂದಿನ ತೀರ್ಪುಗಳನ್ನು ಉಲ್ಲೇಖಿಸಿ ಬರಹ ಸಲ್ಲಿಸಿದರು. ಅವುಗಳಲ್ಲೊಂದು ‘ವರ್ಗೀಸ್ ವಿರುದ್ಧ ಚೈನಾ ಸದರ್ನ್ ಏರ್‌ಲೈನ್ಸ್’. ಎದುರು ಪಕ್ಷದವರು ಹುಡುಕಿದರೆ ಅಂಥ ತೀರ್ಪು ಎಲ್ಲೂ ಇಲ್ಲ. ನ್ಯಾಯಾಲಯ ಪ್ರತಿ ಕೇಳಿದಾಗ ವಕೀಲರು ತೀರ್ಪಿನ ಪಠ್ಯವನ್ನೂ ತಂದುಕೊಟ್ಟರು. ಅದೂ ಚಾಟ್‌ಜಿಪಿಟಿ ಬರೆದದ್ದೇ. ನಡುವೆ ಅವರಿಗೂ ಸಂಶಯ ಬಂದು, ಈ ಮೊಕದ್ದಮೆ ನಿಜವಾಗಿ ಇದೆಯೇ ಎಂದು ಅದೇ ಸಾಧನವನ್ನು ಕೇಳಿದ್ದರು. ಇದೆ, ವಕೀಲರು ಬಳಸುವ ಹೆಸರಾಂತ ಕಾನೂನು ಸಂಗ್ರಹಗಳಲ್ಲಿ ಸಿಗುತ್ತದೆ ಎಂಬ ಉತ್ತರ ಬಂದಿತ್ತು. ನ್ಯಾಯಾಧೀಶ ಪಿ. ಕೆವಿನ್ ಕ್ಯಾಸ್ಟೆಲ್ 2023ರ ಜೂನ್ 22ರಂದು 5,000 ಡಾಲರ್ ದಂಡ ವಿಧಿಸಿದರು. ಜೊತೆಗೆ, ಆ ನಕಲಿ ತೀರ್ಪುಗಳನ್ನು ಬರೆದವರೆಂದು ಯಾವ ಯಾವ ನ್ಯಾಯಾಧೀಶರ ಹೆಸರು ಬಳಕೆಯಾಗಿತ್ತೋ ಅವರಿಗೆಲ್ಲ ಪತ್ರ ಬರೆದು ತಿಳಿಸಬೇಕೆಂದೂ ಆದೇಶಿಸಿದರು.

ಈ ಪ್ರಕರಣವನ್ನು ವಕೀಲರ ಸೋಮಾರಿತನದ ಕಥೆಯೆಂದು ಓದಿ ಮರೆಯುವವರು ಬಹಳ. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಅವರು ಎರಡನೇ ಸಲ ಕೇಳಿದ ಪ್ರಶ್ನೆ. ಅವರು ಪರಿಶೀಲನೆ ಮಾಡಲಿಲ್ಲವೆಂದಲ್ಲ. ಉಗ್ರಾಣವೊಂದು ಇದೆಯೆಂದು ನಂಬಿ ಅದರ ಬಾಗಿಲಲ್ಲೇ ಪರಿಶೀಲನೆ ಮಾಡಿದರು. ಒಳಗೆ ಹೋಗಿ ನೋಡಿಕೊಂಡು ಬಂದು ‘ಇದೆ’ ಎನ್ನುವವರು ಅಲ್ಲಿ ಯಾರೂ ಇರಲಿಲ್ಲ. ‘ಇದು ನಿಜವೇ?’ ಎಂಬುದು ಮಾದರಿಗೆ ಇನ್ನೊಂದಿಷ್ಟು ಬರಹ ಮಾತ್ರ. ಅದುವರೆಗೆ ಖಚಿತ ದನಿಯಲ್ಲಿ ಸಾಗಿದ್ದ ಸಂಭಾಷಣೆಯ ಮುಂದೆ ಅಂಥ ಪ್ರಶ್ನೆ ಬಂದಾಗ ಯಾವ ಬರಹ ಬರುವ ಸಂಭವ ಹೆಚ್ಚೋ ಅದೇ ಬಂತು. ಕಾನೂನಿನ ಬರಹ ಇಂಥ ಅಪಾಯಕ್ಕೆ ಹೇಳಿ ಮಾಡಿಸಿದ ಜಾಗ: ಯಾರ ವಿರುದ್ಧ ಯಾರು, ಯಾವ ಸಂಪುಟ, ಯಾವ ಪುಟ, ಯಾವ ನ್ಯಾಯಾಲಯ, ಯಾವ ವರ್ಷ ಎಂಬ ಅಚ್ಚು ಸಾವಿರಾರು ಕಡೆ ಒಂದೇ ರೀತಿ ಇರುತ್ತದೆ. ಅಚ್ಚು ಗಟ್ಟಿಯಾಗಿ ಕಲಿತದ್ದು, ಒಳಗಿನ ಹೂರಣ ತೆಳು. ಸಂಶೋಧನ ಲೇಖನಗಳ ಹೆಸರು, ಪುಸ್ತಕದ ಪುಟಸಂಖ್ಯೆ, ಶಾಸನದ ಸಂಖ್ಯೆ, ಸರ್ಕಾರಿ ಆದೇಶದ ದಿನಾಂಕ ಇವೆಲ್ಲ ಇದೇ ಜಾತಿಗೆ ಸೇರಿದವು.

ಇಲ್ಲೊಂದು ಗಟ್ಟಿಯಾದ ಆಕ್ಷೇಪವಿದೆ. ಪಟ್ಟಿಯಲ್ಲಿ ಪಾಲು ಹರಡಿಹೋಗಿದೆ ಎಂಬುದೇ ಒಂದು ಸುಳಿವಲ್ಲವೇ? ಅದನ್ನು ನೋಡಿ ‘ಗೊತ್ತಿಲ್ಲ’ ಎನ್ನಬಹುದಲ್ಲ? ಆಕ್ಷೇಪದಲ್ಲಿ ಹುರುಳಿದೆ. ಮೊದಲ ಹಂತದ ತರಬೇತಿ ಮುಗಿದ ಮಾದರಿ ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಯಾವ ಉತ್ತರಕ್ಕೆ ಎಷ್ಟು ಪಾಲು ಕೊಡುತ್ತದೋ, ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಆ ಉತ್ತರ ಸರಿಯಾಗಿರುತ್ತದೆ ಎಂದು ಜಿಪಿಟಿ-4ರ ತಾಂತ್ರಿಕ ವರದಿಯೇ 2023ರಲ್ಲಿ ತೋರಿಸಿತು. ಆದರೆ ಎರಡನೇ ಹಂತದ ತರಬೇತಿಯಾದ ಮೇಲೆ ಈ ಹೊಂದಾಣಿಕೆ ಕುಗ್ಗಿತೆಂದೂ ಅದೇ ವರದಿ ಹೇಳಿದೆ. ಓಪನ್‌ಎಐ ಸಂಸ್ಥೆಯ ಮತ್ತು ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಇದಕ್ಕೆ ಕಾರಣವೊಂದನ್ನು ಮುಂದಿಟ್ಟರು. ಮಾದರಿಗಳನ್ನು ಅಳೆಯುವ ಬಹುಪಾಲು ಪರೀಕ್ಷೆಗಳಲ್ಲಿ ತಪ್ಪುತ್ತರಕ್ಕೂ ಸೊನ್ನೆ, ‘ಗೊತ್ತಿಲ್ಲ’ ಎಂಬುದಕ್ಕೂ ಸೊನ್ನೆ. ಅಂಥ ಪರೀಕ್ಷೆಯಲ್ಲಿ ಊಹಿಸುವವನೇ ಗೆಲ್ಲುತ್ತಾನೆ, ಊಹಿಸುವುದೇ ರೂಢಿಯಾಗುತ್ತದೆ. ಈ ವಾದ ನನಗೆ ಒಪ್ಪಿತವಾದದ್ದು. ಗೊತ್ತಿಲ್ಲ ಎಂದು ಹೇಳುವುದನ್ನು ಮಾದರಿಗಳಿಗೆ ಕಲಿಸಬಹುದು, ಇತ್ತೀಚಿನವು ಮೊದಲಿಗಿಂತ ಹೆಚ್ಚು ಸಲ ಹಾಗೆ ಹೇಳುತ್ತವೆ ಕೂಡ. ಆದರೆ ಹೀಗೆ ಕಲಿಸಿದರೂ ಸಿಗುವುದು ಇನ್ನಷ್ಟು ಒಳ್ಳೆಯ ಊಹೆಯೇ. ಬರಹಗಳಲ್ಲೆಲ್ಲ ತಪ್ಪಾಗಿ ಹಬ್ಬಿರುವ ಸಂಗತಿಯೊಂದಕ್ಕೆ ಪಟ್ಟಿಯಲ್ಲಿ ದೊಡ್ಡ ಪಾಲೇ ಇರುತ್ತದೆ. ಅಲ್ಲಿ ಅಳುಕೂ ಕಾಣಿಸುವುದಿಲ್ಲ.

ಮೂರನೆಯ ನಿರೀಕ್ಷೆ ತಿದ್ದುಪಡಿಯದು. ‘ನೀನು ಹೇಳಿದ್ದು ತಪ್ಪು, ಸರಿಯಾದದ್ದು ಇದು’ ಎಂದು ಬರೆದರೆ ಸಾಧನ ಕ್ಷಮೆ ಕೇಳುತ್ತದೆ, ಸರಿಪಡಿಸಿದ ಉತ್ತರ ಕೊಡುತ್ತದೆ. ನಾವು ಅದಕ್ಕೆ ಪಾಠ ಹೇಳಿದೆವು ಎನಿಸುತ್ತದೆ. ನಿಜವಾಗಿ ನಡೆದದ್ದು ಇಷ್ಟು: ನಮ್ಮ ತಿದ್ದುಪಡಿಯೂ ಆ ಸಂಭಾಷಣೆಯ ಬರಹದಲ್ಲಿ ಸೇರಿತು, ಆದ್ದರಿಂದ ಮುಂದಿನ ಪಟ್ಟಿ ಬದಲಾಯಿತು. ಪ್ಯಾರಾಮೀಟರ್‌ಗಳಲ್ಲಿ ಒಂದೂ ಅಲುಗಲಿಲ್ಲ. ಹೊಸ ಸಂಭಾಷಣೆ ತೆರೆದು ಕೇಳಿದರೆ ಹಳೆಯ ತಪ್ಪೇ ಬರಬಹುದು. ಕೆಲವು ಸಾಧನಗಳು ನಾವು ಹೇಳಿದ್ದನ್ನು ಟಿಪ್ಪಣಿಯಾಗಿ ಬರೆದಿಟ್ಟುಕೊಂಡು ಮುಂದಿನ ಸಂಭಾಷಣೆಯ ಮೊದಲಲ್ಲಿ ಸೇರಿಸುತ್ತವೆ. ಅದೂ ಬರಹ ಸೇರಿಸುವ ಕೆಲಸವೇ. ಕಂಪನಿ ಮುಂದೆ ಯಾವತ್ತಾದರೂ ಸಂಭಾಷಣೆಗಳನ್ನು ಹೊಸ ತರಬೇತಿಗೆ ಬಳಸಬಹುದು, ಆದರೆ ಅದು ನಡೆಯುವುದು ನಾವು ಮಾತಾಡುತ್ತಿರುವ ಹೊತ್ತಿನಲ್ಲಲ್ಲ. ತಿದ್ದುಪಡಿಯನ್ನು ಅದು ಇಷ್ಟು ಸುಲಭವಾಗಿ ಒಪ್ಪುತ್ತದಲ್ಲ, ಅದರಲ್ಲೂ ಒಂದು ಎಚ್ಚರಿಕೆಯಿದೆ. ಸರಿಯಾದ ಉತ್ತರವನ್ನು ತಪ್ಪೆಂದು ಒತ್ತಿ ಹೇಳಿದರೂ ಅನೇಕ ಸಲ ಒಪ್ಪಿ ಬದಲಿಸುತ್ತದೆ. ಒಪ್ಪಿಗೆ ಬಂದದ್ದು ವಿಷಯವನ್ನು ಮರಳಿ ತೂಗಿ ನೋಡಿದ್ದರಿಂದಲೇ ಎಂದು ಹೇಳಲು ನಮ್ಮ ಬಳಿ ಆಧಾರವಿಲ್ಲ.

ಇಷ್ಟನ್ನು ಕೇಳಿದವರು ಸಾಮಾನ್ಯವಾಗಿ ಇನ್ನೊಂದು ತುದಿಗೆ ಜಿಗಿಯುತ್ತಾರೆ: ಹಾಗಾದರೆ ಇದು ಕೇಳಿದ್ದನ್ನೇ ಒಪ್ಪಿಸುವ ಗಿಳಿ, ಒಳಗೆ ಏನೂ ಇಲ್ಲ ಎಂದು. ಇದೂ ಅಷ್ಟೇ ಗೊಂದಲದ ಮಾತು. ಮುಂದಿನ ಟೋಕನ್ನನ್ನು ಚೆನ್ನಾಗಿ ಊಹಿಸಬೇಕಾದರೆ ಬರಹದ ಹಿಂದಿರುವ ವ್ಯವಸ್ಥೆಯನ್ನು ಸ್ವಲ್ಪವಾದರೂ ಹಿಡಿಯಲೇಬೇಕಾದ ಸಂದರ್ಭಗಳಿವೆ. ಒಥೆಲೋ ಎಂಬ ಎಂಟು ಮನೆ ಉದ್ದ, ಎಂಟು ಮನೆ ಅಗಲದ ಹಾಸಿನ ಆಟವೊಂದಿದೆ. ಆಟದ ನಡೆಗಳ ಪಟ್ಟಿಯನ್ನು ಮಾತ್ರ ಒಂದು ಚಿಕ್ಕ ಮಾದರಿಗೆ ಕೊಟ್ಟು, ಮುಂದಿನ ನಡೆಯನ್ನು ಊಹಿಸಲು ಕಲಿಸಿದರು. ಹಾಸಿನ ಚಿತ್ರ, ನಿಯಮ ಯಾವುದನ್ನೂ ತೋರಿಸಲಿಲ್ಲ. 2022ರ ಕೊನೆಗೆ ಪ್ರಕಟವಾದ ಆ ಅಧ್ಯಯನದಲ್ಲಿ ಮಾದರಿಯ ಒಳಗಿನ ಅಂಕಿಗಳನ್ನು ಬಗೆದು ನೋಡಿದಾಗ ಯಾವ ಮನೆಯಲ್ಲಿ ಯಾವ ಬಣ್ಣದ ಕಾಯಿ ಇದೆ ಎಂಬುದನ್ನು ಅವುಗಳಿಂದ ಓದಲು ಸಾಧ್ಯವಾಯಿತು. ಆ ಅಂಕಿಗಳನ್ನು ಬೇಕೆಂದೇ ಬದಲಿಸಿದರೆ ಅದಕ್ಕೆ ತಕ್ಕಂತೆ ಊಹೆಯೂ ಬದಲಾಯಿತು. ನಡೆಗಳನ್ನು ಊಹಿಸುತ್ತ ಹೋಗಿ ಆಟದ ಹಾಸನ್ನೇ ಒಳಗೆ ಕಟ್ಟಿಕೊಂಡಿತ್ತು. ಭಾಷಾ ಮಾದರಿಗಳು ಹೊಸ ವಾಕ್ಯವನ್ನು ಅನುವಾದಿಸುವುದು, ಹಿಂದೆಂದೂ ಯಾರೂ ಬರೆಯದ ಪ್ರಶ್ನೆಗೆ ಸರಿಯಾಗಿ ಉತ್ತರಿಸುವುದು ಇಂಥ ಒಳಕಟ್ಟಡದ ಬಲದಿಂದಲೇ ಇರಬೇಕು. ಒಳಗೆ ಏನೋ ಇದೆ, ಅದು ಗೌರವಿಸಬೇಕಾದ ಸಾಧನೆಯೂ ಹೌದು. ಆದರೆ ಒಳಕಟ್ಟಡ ಇರುವುದೂ, ಹೇಳಿದ ಒಂದೊಂದು ಸಂಗತಿಗೂ ಆಧಾರ ಇರುವುದೂ ಬೇರೆ ಬೇರೆ. ಒಥೆಲೋ ಮಾದರಿಗೆ ಕಾಯಿಗಳ ಸ್ಥಾನ ಸಿಕ್ಕಿದ್ದು ಪ್ರತಿ ನಡೆಯೂ ಅದನ್ನು ಅವಲಂಬಿಸಿದ್ದರಿಂದ. ತಾಲ್ಲೂಕಿನ ಕವಿಯ ಸಂಕಲನದ ವರ್ಷವನ್ನು ಅವಲಂಬಿಸಿದ ಬೇರೆ ಬರಹವೇ ಇಲ್ಲ; ನಿಯಮ ಹಿಡಿದು ಅದನ್ನು ತಲುಪುವ ದಾರಿಯಿಲ್ಲ.

ಈಗಿನ ಸಾಧನಗಳು ಇಂಟರ್‌ನೆಟ್‌ನಲ್ಲಿ ಹುಡುಕಿ ಉತ್ತರಿಸುತ್ತವಲ್ಲ, ಇನ್ನು ಈ ಮಾತೆಲ್ಲ ಹಳೆಯದಾಯಿತಲ್ಲ ಎಂದು ಕೆಲವರು ಕೇಳಬಹುದು. ಹುಡುಕಾಟದಿಂದ ಸ್ಥಿತಿ ನಿಜವಾಗಿಯೂ ಸುಧಾರಿಸಿದೆ, ಮತ್ತು ಸುಧಾರಿಸಿದ್ದು ಏಕೆ ಎಂದು ನೋಡಿದರೆ ನಮ್ಮ ವಾದ ಇನ್ನಷ್ಟು ಸ್ಪಷ್ಟವಾಗುತ್ತದೆ. ಹುಡುಕುವುದು ಮಾದರಿಯಲ್ಲ, ಅದರ ಹೊರಗಿರುವ ಬೇರೆ ಪ್ರೋಗ್ರಾಂ. ಅದು ತಂದ ಪುಟಗಳ ಬರಹವನ್ನು ನಮ್ಮ ಪ್ರಶ್ನೆಯ ಜೊತೆ ಸೇರಿಸಿ ಮಾದರಿಗೆ ಕೊಡುತ್ತಾರೆ. ಆಗ ಪಟ್ಟಿ ಹುಟ್ಟುವುದು ಕಣ್ಣೆದುರಿನ ಪುಟದ ಪ್ರಭಾವದಲ್ಲಿ. ಪುಟದಲ್ಲಿ 1983 ಎಂದಿದ್ದರೆ 1983ಕ್ಕೆ ದೊಡ್ಡ ಪಾಲು ಸಿಗುವುದು ಖಂಡಿತಕ್ಕೆ ಹತ್ತಿರ. ಲೆಕ್ಕ ಮಾಡಲು ಹೊರಗಿನ ಕ್ಯಾಲ್ಕುಲೇಟರ್ ಪ್ರೋಗ್ರಾಂ ಬಳಸಿದಾಗಲೂ ಇದೇ ಏರ್ಪಾಡು. ಇಲ್ಲಿ ತಪ್ಪುವುದಕ್ಕೆ ಮೂರು ಕಡೆ ಅವಕಾಶವಿದೆ. ಬಂದ ಪುಟವೇ ತಪ್ಪಿರಬಹುದು. ಪುಟದಲ್ಲಿ ಇಲ್ಲದ್ದನ್ನು ಮಾದರಿ ತನ್ನ ಊಹೆಯಿಂದ ತುಂಬಿ, ಪುಟದ ಕೊಂಡಿಯನ್ನು ಪಕ್ಕದಲ್ಲಿ ಇಟ್ಟಿರಬಹುದು. ಹುಡುಕದೆಯೇ ಉತ್ತರಿಸಿಯೂ ಇರಬಹುದು. ಎರಡನೆಯದೇ ಹೆಚ್ಚು ಕಣ್ಣು ತಪ್ಪಿಸುವುದು, ಏಕೆಂದರೆ ಕೊಂಡಿ ನಿಜವಾದದ್ದು, ಒತ್ತಿದರೆ ಪುಟ ತೆರೆಯುತ್ತದೆ. ಹೇಳಿದ ಮಾತು ಮಾತ್ರ ಅದರಲ್ಲಿರುವುದಿಲ್ಲ. ಪುಟ ತೆರೆದು ಆ ಸಾಲನ್ನು ನಾವೇ ಕಂಡಾಗ ಮಾತ್ರ ಪರಿಶೀಲನೆ ಮುಗಿಯುತ್ತದೆ.

ಕನ್ನಡದಲ್ಲಿ ಈ ಸಾಧನಗಳನ್ನು ಬಳಸುವವರಿಗೆ ಇನ್ನೊಂದು ಮಿತಿ ತಿಳಿದಿರಬೇಕು, ಅದು ಟೋಕನ್‌ಗೆ ಸಂಬಂಧಿಸಿದ್ದು. ‘ಕನ್ನಡ’ ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರಿನ ಯೂನಿಕೋಡ್‌ನಲ್ಲಿ ಅದು ಕ, ನ, ಒತ್ತಕ್ಷರ ಸೂಚಿಸುವ ಹಲಂತ ಚಿಹ್ನೆ, ನ, ಡ ಎಂದು ಐದು ಸಂಕೇತ. ಒಂದೊಂದಕ್ಕೆ ಮೂರು ಬೈಟ್‌ನಂತೆ ಹದಿನೈದು ಬೈಟ್. ಟೋಕನ್‌ಗಳ ಪಟ್ಟಿಯನ್ನು ಯಾವ ಬರಹದಲ್ಲಿ ಯಾವ ಬೈಟ್‌ಗಳು ಜೊತೆಯಾಗಿ ಬರುತ್ತವೆ ಎಂದು ಎಣಿಸಿ ತಯಾರಿಸುತ್ತಾರೆ. 2019ರ ಜಿಪಿಟಿ-2 ಮಾದರಿಯ ಪಟ್ಟಿಯಲ್ಲಿ 50,257 ಟೋಕನ್‌ಗಳಿದ್ದವು, ಅವನ್ನು ಆಯ್ದ ಬರಹ ಬಹುಪಾಲು ಇಂಗ್ಲಿಷ್. ಇಂಗ್ಲಿಷಿನ ಸಾಮಾನ್ಯ ಪದ ಅಲ್ಲಿ ಒಂದೇ ತುಣುಕು. ಕನ್ನಡದ ಪದ ಅಕ್ಷರಕ್ಕಿಂತಲೂ ಚಿಕ್ಕ ಚೂರುಗಳಾಗಿ ಪುಡಿಯಾಗುತ್ತಿತ್ತು. ಆಮೇಲಿನ ಮಾದರಿಗಳ ಪಟ್ಟಿಗಳು ದೊಡ್ಡದಾಗಿ ಈ ತೊಂದರೆ ತಗ್ಗಿದೆ, ಪೂರ್ತಿ ಹೋಗಿಲ್ಲ. ಹೇಗಿದ್ದರೂ ಮಾದರಿ ಕಾಣುವುದು ತುಣುಕುಗಳ ಕ್ರಮಸಂಖ್ಯೆಯನ್ನು, ನಾವು ಓದುವ ಅಕ್ಷರವನ್ನಲ್ಲ. ಹಾಗಾಗಿ ಅಕ್ಷರ ಎಣಿಸುವ ಕೆಲಸ ಅದಕ್ಕೆ ಕಷ್ಟ. ಕಂದಪದ್ಯವೊಂದನ್ನು ಬರೆಸಿ ನೋಡಿದರೆ ಇದು ಬೆರಳೆಣಿಕೆಯಲ್ಲೇ ತಿಳಿಯುತ್ತದೆ. ಕಂದದ ಒಂದನೆಯ, ಮೂರನೆಯ ಸಾಲಿನಲ್ಲಿ ನಾಲ್ಕು ಮಾತ್ರೆಯ ಮೂರು ಗಣ, ಒಟ್ಟು 12 ಮಾತ್ರೆ. ಎರಡನೆಯ, ನಾಲ್ಕನೆಯ ಸಾಲಿನಲ್ಲಿ ಐದು ಗಣ, 20 ಮಾತ್ರೆ. ಎಲ್ಲ ಸಾಲುಗಳ ಎರಡನೆಯ ಅಕ್ಷರದಲ್ಲಿ ಪ್ರಾಸ. ಬಂದ ಪದ್ಯದಲ್ಲಿ ಹಳಗನ್ನಡದ ಛಾಯೆ ಇರುತ್ತದೆ, ನಾಲ್ಕು ಸಾಲೂ ಇರುತ್ತವೆ. ಲಘು ಗುರು ಹಾಕಿ ಎಣಿಸಿದರೆ ಮಾತ್ರೆ ತಪ್ಪಿರುವುದೇ ಹೆಚ್ಚು. ಇದು ಕಂದಪದ್ಯ ಎಂದು ಕೆಳಗೆ ಬರೆದ ಗಣವಿಭಾಗ ಕೂಡ ಎಣಿಸಿ ಬರೆದದ್ದಾಗಿರಬೇಕಿಲ್ಲ, ಗಣವಿಭಾಗದಂತೆ ಕಾಣುವ ಬರಹವಾಗಿರಬಹುದು.

ಹಾಗಾದರೆ ಆರಂಭದಲ್ಲಿ ಕೇಳಿದ ಪ್ರಶ್ನೆಗೆ, ಅಂದರೆ ಒಳಗಿಲ್ಲದ್ದು ಹೊರಗೆ ಹೇಗೆ ಬರುತ್ತದೆ ಎಂಬುದಕ್ಕೆ, ಉತ್ತರ ಸಿಕ್ಕಿತು: ಬರಹಗಳಲ್ಲಿ ಮತ್ತೆ ಮತ್ತೆ ಬಂದದ್ದನ್ನು ಮತ್ತೆ ಹೆಣೆಯಲು ಬೇಕಾದಷ್ಟು ಗುರುತು ಒಳಗಿದೆ, ಆ ಗುರುತು ತೆಳುವಾದಲ್ಲೂ ಹೆಣಿಗೆ ನಿಲ್ಲುವುದಿಲ್ಲ. ಎಲ್ಲಿ ಗುರುತು ತೆಳು ಎಂದು ಹೊರಗಿನಿಂದ ಕಂಡುಕೊಳ್ಳಲು ಒಂದು ಉಪಾಯವಿದೆ. ಅದೇ ಪ್ರಶ್ನೆಯನ್ನು, ಹುಡುಕಾಟ ನಿಲ್ಲಿಸಿ, ಪ್ರತಿ ಸಲವೂ ಹೊಸ ಸಂಭಾಷಣೆಯಲ್ಲಿ ನಾಲ್ಕಾರು ಸಲ ಕೇಳಬೇಕು. ಕುವೆಂಪು ಅವರ ಜ್ಞಾನಪೀಠದ ವರ್ಷ ಸುಲಭವಾಗಿ ಬದಲಾಗದು. ತಾಲ್ಲೂಕಿನ ಕವಿಯ ಸಂಕಲನದ ವರ್ಷ ಒಮ್ಮೆ 1974, ಒಮ್ಮೆ 1981 ಎಂದು ಓಡಾಡುತ್ತದೆ. ಪರದೆಯ ಹಿಂದೆ ಅಡಗಿದ್ದ ಹರಡಿದ ಪಟ್ಟಿ ಹೀಗೆ ಬಯಲಿಗೆ ಬರುತ್ತದೆ. ಉತ್ತರ ಓಡಾಡಿದರೆ ಅದನ್ನು ಬಿಟ್ಟುಬಿಡಬೇಕು. ಓಡಾಡದಿದ್ದರೆ ಅಷ್ಟರಿಂದಲೇ ಅದು ನಿಜವಾಗುವುದಿಲ್ಲ, ಏಕೆಂದರೆ ಹಬ್ಬಿದ ತಪ್ಪೂ ಓಡಾಡುವುದಿಲ್ಲ. ಆ ಕವಿಯ ಸಂಕಲನವನ್ನೇ ಗ್ರಂಥಾಲಯದಲ್ಲಿ ತೆಗೆಸಿ, ಒಳಪುಟದಲ್ಲಿ ಮುದ್ರಣದ ವರ್ಷವನ್ನು ನೋಡಬೇಕಾಗುತ್ತದೆ.